ಸ್ಯಾಂಪಲ್ ತುಂಡಿನ ಬಣ್ಣ ಥಾನಿನಲ್ಲೂ ಇದೆಯಾ?

ನನ್ನದು ಸಣ್ಣ ಹೊಲಿಗೆ ಯೂನಿಟ್. ಕೆಲಸ ಹೆಚ್ಚಾಗಿ ಯೂನಿಫಾರ್ಮಿನದು, ಅಂದರೆ ಒಂದೇ ಬಣ್ಣದ ಬಟ್ಟೆಯನ್ನು ಹತ್ತಾರು ಜನಕ್ಕೆ ಹೊಲಿಯುವುದು. ಹೊಲಿಗೆ ಸ್ವಲ್ಪ ಆಚೀಚೆ ಆದರೆ ಬಿಚ್ಚಿ ಮತ್ತೆ ಹಾಕಬಹುದು. ಆದರೆ ಕತ್ತರಿಸಿ ಮುಗಿಸಿದ ಮೇಲೆ ತೋಳು ಒಂದು ಶೇಡ್, ಮೈ ಒಂದು ಶೇಡ್ ಅಂತ ಕಂಡರೆ ಮುಗೀತು. ಅದಕ್ಕೇ ನನ್ನ ತಲೆನೋವೆಲ್ಲ ಹೋಲ್‌ಸೇಲ್ ಅಂಗಡಿಯಲ್ಲೇ ಮುಗಿಯಬೇಕು ಅಂತ ನೋಡಿಕೊಳ್ಳುತ್ತೇನೆ. ಈಚೆಗೆ ಒಂದು ಆಫೀಸಿಗೆ 60 ಕುರ್ತಾ ಹೊಲಿದುಕೊಟ್ಟೆವು. ತಿಳಿ ಬೂದು ಬಣ್ಣದ ಕಾಟನ್ ಪಾಪ್ಲಿನ್, ಒಂದಕ್ಕೆ ಎರಡೂಕಾಲು ಮೀಟರ್, ಒಟ್ಟು 135 ಮೀಟರ್. ಅದನ್ನು ಹೇಗೆ ಆರಿಸಿದೆ, ಹೇಗೆ ತಾಳೆ ನೋಡಿದೆ ಅಂತ ಹೇಳುತ್ತೇನೆ.

ಮೊದಲು ಕೈಗೆ ಸಿಗುವ ಫೀಲ್. ಅಂಗಡಿಯಲ್ಲಿ ಬಟ್ಟೆ ಮುಟ್ಟಿದಾಗ ಗೊತ್ತಾಗುವುದು ನೂಲಷ್ಟೇ ಅಲ್ಲ, ಅದರ ಮೇಲೆ ಹಾಕಿರುವ ಫಿನಿಶ್ ಕೂಡ. ಗಂಜಿ ಜಾಸ್ತಿ ಹಾಕಿದ ತೆಳು ಬಟ್ಟೆಯೂ ಕೈಗೆ ದಪ್ಪ, ಗರಿಗರಿ ಅನ್ನಿಸುತ್ತದೆ. ಸಾಫ್ಟ್‌ನರ್ ಹಾಕಿದ ಒರಟು ಬಟ್ಟೆ ಜಾರುವ ಹಾಗೆ ನುಣ್ಣಗಿರುತ್ತದೆ. ನಾನು ಬಟ್ಟೆಯ ಮೂಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಬಟ್ಟೆ ಒಗೆಯುವವರು ಉಜ್ಜುವ ಹಾಗೆ ಜೋರಾಗಿ ಉಜ್ಜುತ್ತೇನೆ. ಆಮೇಲೆ ಉಜ್ಜಿದ ಜಾಗವನ್ನೂ ಉಜ್ಜದ ಜಾಗವನ್ನೂ ಬೆರಳಲ್ಲಿ ಹಿಡಿದು ನೋಡುತ್ತೇನೆ. ಉಜ್ಜಿದ ಕಡೆ ಮೆತ್ತಗೆ, ಜಾಳು ಜಾಳಾಗಿದ್ದರೆ, ಕೆಳಗೆ ಹಿಡಿದ ಕಪ್ಪು ಬಟ್ಟೆ ಮೇಲೆ ಬಿಳಿ ಪುಡಿ ಉದುರಿದ್ದರೆ, ಅದು ಗಂಜಿಯ ದಪ್ಪ. ಉಗುರಲ್ಲಿ ಗೀರಿದರೆ ಬಿಳಿ ಗೆರೆ ಬೀಳುವುದೂ ಅದೇ ಲಕ್ಷಣ. ಮನೆಗೆ ತಂದ ತುಂಡಿನ ಮೇಲೆ ಒಂದು ಹನಿ ಟಿಂಚರ್ ಅಯೋಡಿನ್ ಬಿಟ್ಟರೂ ತಿಳಿಯುತ್ತದೆ, ಗಂಜಿ ಇದ್ದರೆ ಕಡು ನೀಲಿ ಆಗುತ್ತದೆ. ಆದರೆ ನೀಲಿ ಆಗಲಿಲ್ಲ ಅಂದರೆ ಫಿನಿಶ್ಶೇ ಇಲ್ಲ ಅಂತಲ್ಲ, ಗಂಜಿಯಲ್ಲದ ಬೇರೆ ಫಿನಿಶ್‌ಗಳು ಎಷ್ಟೋ ಇವೆ.

ಇದಕ್ಕಿಂತ ನಂಬಿಕೆಯ ದಾರಿ ಒಗೆಯುವುದು. ಮೆಚ್ಚಿದ ಬಟ್ಟೆಯಲ್ಲಿ ಅರ್ಧ ಮೀಟರ್ ದುಡ್ಡು ಕೊಟ್ಟೇ ತರುತ್ತೇನೆ. ಸುಮ್ನೆ ಕೊಡುವ ಎರಡು ಬೆರಳಗಲದ ತುಂಡಲ್ಲಿ ಏನೂ ಮಾಡಲಾಗುವುದಿಲ್ಲ. ಅದರಿಂದ 20 ಸೆಂ.ಮೀ. ಚೌಕ ಕತ್ತರಿಸಿ, ನಾಲ್ಕೂ ಕಡೆ ಓವರ್‌ಲಾಕ್ ಹಾಕಿಸುತ್ತೇನೆ. ಇಲ್ಲದಿದ್ದರೆ ಒಗೆದಾಗ ಅಂಚಿನ ನೂಲು ಉದುರಿ ಲೆಕ್ಕ ತಪ್ಪುತ್ತದೆ. ಆಮೇಲೆ ತೂಕ. ಒಡವೆ ತೂಗುವಂಥ ಚಿಕ್ಕ ತಕ್ಕಡಿ ಬೇಕು, ಅಡುಗೆಮನೆಯದು ಸಾಲದು. ಬೂದು ಪಾಪ್ಲಿನ್‌ನಲ್ಲಿ ಎರಡು ಬಟ್ಟೆ ತಂದಿದ್ದೆ. ಒಂದರ ಚೌಕ 5.6 ಗ್ರಾಂ ಇತ್ತು, ಇನ್ನೊಂದರದು 5.2. ಅಂಗಡಿಯಲ್ಲಿ ಮೊದಲನೆಯದೇ ‘ಒಳ್ಳೆ ಹೆವಿ ಮಾಲು’ ಅನ್ನಿಸಿತ್ತು. ಬಿಸಿನೀರು, ಸೋಪಿನಲ್ಲಿ ಒಗೆದು, ಪೂರ್ತಿ ಒಣಗಿಸಿ ತೂಗಿದರೆ ಮೊದಲನೆಯದು 4.7ಕ್ಕೆ ಇಳಿಯಿತು, ಎರಡನೆಯದು 5.0. ಅಂದರೆ ಮೊದಲನೆಯದರಲ್ಲಿ ನೂರಕ್ಕೆ 16ರಷ್ಟು ತೂಕ ನೀರಿಗೆ ಹೋಗುವ ಸರಕು. ಹತ್ತಿ ಗಾಳಿಯ ತೇವ ಹೀರುತ್ತದೆ, ಹಾಗಾಗಿ ಎರಡು ತೂಕವನ್ನೂ ಒಂದೇ ಕೋಣೆಯಲ್ಲಿ, ಕೆಲವು ಗಂಟೆ ಹರಡಿಟ್ಟ ಮೇಲೆ ತೆಗೆಯಬೇಕು. ಒಣಹವೆಯಲ್ಲಿ ಒಮ್ಮೆ, ಮಳೆ ದಿನ ಒಮ್ಮೆ ತೂಗಿದರೆ ಆ ಅಂಕಿಗೆ ಅರ್ಥವಿಲ್ಲ.

ಮೈ ಕಾಣುತ್ತದಾ ಇಲ್ಲವಾ ಅನ್ನುವುದನ್ನೂ ನಾನು ಒಗೆದ ತುಂಡಿನಲ್ಲೇ ನೋಡುತ್ತೇನೆ, ಯಾಕೆಂದರೆ ನೂಲಿನ ಸಂದು ಮುಚ್ಚುವುದರಲ್ಲಿ ಗಂಜಿಗೂ ಪಾಲಿರುತ್ತದೆ. ಅಂಗಡಿಯವರು ಬಟ್ಟೆಯ ಒಳಗೆ ಕೈ ಇಟ್ಟು ‘ನೋಡಿ, ಕಾಣ್ತಾ ಇದೆಯಾ’ ಅನ್ನುತ್ತಾರೆ. ಆದರೆ ಬೆಳಕು ಮುಂದಿನಿಂದ ಬೀಳುವಾಗ ಯಾವ ಬಟ್ಟೆಯೂ ಚೆನ್ನಾಗಿಯೇ ಮುಚ್ಚುತ್ತದೆ. ನನ್ನ ಹತ್ತಿರ ಒಂದು ರಟ್ಟಿದೆ, ಅರ್ಧ ಕಪ್ಪು, ಅರ್ಧ ಬಿಳಿ. ಅದರ ಮೇಲೆ ಒಂದೇ ಪದರ ಹಾಸಿ, ಒಂದು ಮಾರು ದೂರದಿಂದ ನೋಡುತ್ತೇನೆ. ಕಪ್ಪು ಬಿಳುಪಿನ ಗೆರೆ ಎದ್ದು ಕಂಡರೆ ಒಳಗಿನ ಬಟ್ಟೆಯ ಅಂಚೂ, ಜೇಬಿನ ಒಳಚೀಲವೂ ಹಾಗೇ ಕಾಣುತ್ತವೆ. ಆಮೇಲೆ ಬಟ್ಟೆಯನ್ನು ಕಿಟಕಿಗೆ ಅಡ್ಡ ಹಿಡಿದು ಹಿಂದೆ ಕೈ ಇಡುತ್ತೇನೆ, ಬಾಗಿಲ ಬೆಳಕಿನಲ್ಲಿ ನಿಂತವರ ಬಟ್ಟೆ ಹೀಗೇ ಕಾಣುವುದು. ಕೊನೆಗೆ ಒದ್ದೆ ಮಾಡಿ ನೋಡುತ್ತೇನೆ. ನೀರು ಸಂದು ತುಂಬಿದರೆ ಬೆಳಕು ಚದುರುವುದು ಕಡಿಮೆಯಾಗಿ ಬಟ್ಟೆ ಇನ್ನೂ ತೆಳ್ಳಗೆ ಕಾಣುತ್ತದೆ. ಬೆವರು ಹೆಚ್ಚು ಬರುವ ಕೆಲಸದವರಿಗೆ ತಿಳಿ ಬಣ್ಣ ಕೊಡುವಾಗ ಇದನ್ನು ಬಿಡಬೇಡಿ. 5.2 ಗ್ರಾಮಿನ ಬಟ್ಟೆ ಮೂರರಲ್ಲೂ ಪಾಸಾಯಿತು, ಅದನ್ನೇ ಗಟ್ಟಿ ಮಾಡಿದೆ.

ಇನ್ನು ಬಣ್ಣ. ನಿಜವಾದ ಕಷ್ಟ ಇಲ್ಲಿದೆ, ಅದರಲ್ಲೂ ಬೂದು, ಖಾಕಿ, ಆಲಿವ್‌ನಂಥ ಬಣ್ಣಗಳಲ್ಲಿ. ಇವು ಎರಡು ಮೂರು ಡೈ ಸೇರಿ ಆದ ಬಣ್ಣಗಳು, ಒಂದು ಡೈ ಒಂಚೂರು ಹೆಚ್ಚಾದರೆ ಬೂದು ಕೆಂಪಿಗೋ ಹಸಿರಿಗೋ ವಾಲುತ್ತದೆ. ಎರಡು ಬಟ್ಟೆಗೆ ಬೇರೆ ಬೇರೆ ಡೈ ಬಳಸಿದ್ದರೆ ಅಂಗಡಿಯ ಲೈಟಿನಲ್ಲಿ ಒಂದೇ ಥರ ಕಂಡು, ಹೊರಗೆ ಬಂದಾಗ ಬೇರೆ ಆಗುತ್ತವೆ. ಎರಡರಲ್ಲಿ ಯಾವ ಲೈಟೂ ಸುಳ್ಳು ಹೇಳುತ್ತಿಲ್ಲ. ಬೆಳಕಲ್ಲಿ ಯಾವ ಬಣ್ಣ ಎಷ್ಟಿದೆಯೋ ಅಷ್ಟನ್ನೇ ತಾನೇ ಬಟ್ಟೆ ವಾಪಸ್ ಕಳಿಸುವುದು? ಹಾಗಾಗಿ ಮೂರು ಬೆಳಕಲ್ಲಿ ನೋಡುತ್ತೇನೆ: ಹೊರಗೆ ನೆರಳಿನಲ್ಲಿ, ಅಂಗಡಿಯ ಬಿಳಿ ಲೈಟಿನಲ್ಲಿ, ಹಳದಿ ಬಲ್ಬಿನಲ್ಲಿ. ನೇರ ಬಿಸಿಲು ಬೇಡ, ಕಣ್ಣು ಕುಕ್ಕಿ ತಿಳಿ ಬಣ್ಣದ ವ್ಯತ್ಯಾಸ ಕಳೆದುಹೋಗುತ್ತದೆ. ಸಂಜೆಯ ಬೆಳಕೂ ಬೇಡ, ಅದು ಎಲ್ಲವನ್ನೂ ಕೆಂಪಗೆ ಮಾಡುತ್ತದೆ. ಫೋನಲ್ಲಿ ಫೋಟೋ ತೆಗೆದು ಬಣ್ಣ ಒಪ್ಪಿಕೊಳ್ಳುವುದಂತೂ ಬೇಡವೇ ಬೇಡ, ಕ್ಯಾಮೆರಾ ತಾನೇ ಬಣ್ಣ ಸರಿಮಾಡಿಬಿಡುತ್ತದೆ.

ಜೋಡಿಸಿ ನೋಡುವ ಕ್ರಮವೂ ಮುಖ್ಯ. ಸ್ಯಾಂಪಲ್ ತುಂಡು ಒಂದೇ ಪದರ, ಥಾನು ನೂರು ಪದರ. ಹಾಗೇ ಇಟ್ಟರೆ ತುಂಡು ತಿಳಿಯಾಗಿ ಕಾಣುವುದು ಸಹಜ. ತುಂಡನ್ನು ನಾಲ್ಕು ಮಡಿಕೆ ಮಾಡಿ, ಥಾನಿನ ಬಟ್ಟೆಯನ್ನೂ ನಾಲ್ಕೇ ಮಡಿಕೆ ಮಾಡಿ, ಎರಡರ ಅಂಚು ಒಂದಕ್ಕೊಂದು ತಾಗುವ ಹಾಗೆ ಇಡಬೇಕು. ನಡುವೆ ಸಂದು ಬಿಟ್ಟರೆ ಕಣ್ಣು ಮೋಸಹೋಗುತ್ತದೆ. ಎರಡರ ಹಾಸು ನೂಲೂ ಒಂದೇ ದಿಕ್ಕಿಗೆ, ಎರಡರ ಸರಿ ಬದಿಯೂ ಮೇಲೆ. ಆಮೇಲೆ ಎಡದ್ದನ್ನು ಬಲಕ್ಕೆ ಬದಲಿಸಿ ಇನ್ನೊಮ್ಮೆ. ಪಕ್ಕದಲ್ಲಿ ಕೆಂಪು ಥಾನು ಬಿದ್ದಿದ್ದರೆ ಬೂದು ಬಟ್ಟೆ ಹಸಿರು ಹಸಿರಾಗಿ ಕಾಣುತ್ತದೆ, ಅದನ್ನು ಸರಿಸಿ. ಇಸ್ತ್ರಿ ಮಾಡಿದ ಕೂಡಲೇ ಹೋಲಿಸಬೇಡಿ, ಬಿಸಿಗೆ ಕೆಲವು ಡೈಗಳ ಶೇಡ್ ಸ್ವಲ್ಪ ಹೊತ್ತು ಬದಲಾಗಿರುತ್ತದೆ. ಒಗೆದ ತುಂಡನ್ನು ಒಗೆಯದ ಥಾನಿಗೆ ಹೋಲಿಸುವುದೂ ತಪ್ಪು, ಅದಕ್ಕೇ ಅರ್ಧ ಮೀಟರಿನಲ್ಲಿ ಒಂದು ಭಾಗ ಒಗೆಯದೆ ಉಳಿಸಿಕೊಳ್ಳುತ್ತೇನೆ.

ಆ ಒಗೆಯದ ಭಾಗವನ್ನು ಎರಡು ಮಾಡಿ, ಎರಡರ ಮೇಲೂ ಕ್ವಾಲಿಟಿ, ಲಾಟ್ ನಂಬರ್, ಅಗಲ ಬರೆಸಿ, ಅಂಗಡಿಯವರ ಸಹಿ ಹಾಕಿಸಿ, ಒಂದು ಅವರಿಗೆ, ಒಂದು ನನಗೆ. ಲಾಟ್ ಅಂದರೆ ಒಂದೇ ಸಲಕ್ಕೆ ಡೈ ಹಾಕಿದ ಬಟ್ಟೆ. ಕ್ಯಾಟಲಾಗ್ ಪುಸ್ತಕದಲ್ಲಿ ಅಂಟಿಸಿರುವ ತುಂಡನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದು ಯಾವುದೋ ಹಳೇ ಲಾಟಿನದು, ಜನ ಮುಟ್ಟಿ ಮುಟ್ಟಿ ಬೆಳಕಿಗೆ ಮಾಸಿರುತ್ತದೆ.

ನಮ್ಮ ಆರ್ಡರ್‌ಗೆ 36 ಮೀಟರಿನ ನಾಲ್ಕು ಥಾನು ಬಂದವು. ಗೋಡೌನಿನಲ್ಲೇ ಪ್ರತಿ ಥಾನಿನ ತುದಿಯಿಂದ ಪೂರ್ತಿ ಅಗಲಕ್ಕೆ ನಾಲ್ಕು ಬೆರಳಿನ ಪಟ್ಟಿ ಕತ್ತರಿಸಿದೆ. ಮೊದಲು ಪಟ್ಟಿಯನ್ನು ಮಡಚಿ ಎರಡೂ ಅಂಚನ್ನು ನಡುವಿಗೆ ತಂದು ನೋಡಬೇಕು. ಡೈ ಹಾಕುವಾಗ ರೋಲರ್ ಒತ್ತಡ ಸಮ ಇಲ್ಲದಿದ್ದರೆ ಅಂಚಿನ ಶೇಡ್ ನಡುವಿನ ಶೇಡಿಗೆ ಹೊಂದುವುದಿಲ್ಲ. ಹಾಗಿದ್ದರೆ ಒಂದೇ ಥಾನಿನಲ್ಲಿ ಕತ್ತರಿಸಿದರೂ ಎಡ ಬಲ ಭಾಗಗಳು ಬೇರೆಯಾಗುತ್ತವೆ. ನಮ್ಮದರಲ್ಲಿ ಅದು ಸರಿ ಇತ್ತು. ಆಮೇಲೆ ನಾಲ್ಕೂ ಪಟ್ಟಿಗೆ ನಂಬರ್ ಬರೆದು, ಸಾಲಾಗಿ ಪಿನ್ ಹಾಕಿ, ನಡುವೆ ನನ್ನ ಸಹಿ ತುಂಡನ್ನು ಸೇರಿಸಿ ಹೊರಗೆ ತಂದೆ. ಗೋಡೌನಿನ ಲೈಟಿನಲ್ಲಿ ನಾಲ್ಕೂ ಒಂದೇ. ನೆರಳಿಗೆ ಬಂದ ಕೂಡಲೇ ನಾಲ್ಕನೆಯದು ತುಸು ಕೆಂಪಗೆ ಕಂಡಿತು. ‘ಮೇಡಂ, ಎಲ್ಲಾ ಒಂದೇ ಮಾಲು, ಒಂದೇ ಬೇಲು’ ಅಂದರು ಅಂಗಡಿಯವರು. ಬೇಲ್ ಒಂದೇ ಇರಬಹುದು. ಥಾನಿನ ತುದಿಯ ಸ್ಟಾಂಪ್ ನೋಡಿದರೆ ಮೂರರಲ್ಲಿ ಒಂದು ಲಾಟ್, ನಾಲ್ಕನೆಯದರಲ್ಲಿ ಬೇರೆ. ಅವರಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತದೆ, ಪಟ್ಟಿ ತೋರಿಸಿದ ಮೇಲೆ ವಾದ ಮಾಡಲಿಲ್ಲ.

ಮೊದಲ ಲಾಟಿನಲ್ಲಿ ಇನ್ನು ಥಾನು ಇರಲಿಲ್ಲ. ಇಂಥ ಕಡೆ ಪೂರ್ತಿ ವಾಪಸ್ ಮಾಡುವ ಮುಂಚೆ ಲೆಕ್ಕ ಹಾಕಿ ನೋಡಬೇಕು. ಒಂದು ಥಾನಿಗೆ 16 ಕುರ್ತಾ, ಮೂರು ಥಾನಿಗೆ 48. ಉಳಿದ 12ಕ್ಕೆ ಬೇಕಾದದ್ದು 27 ಮೀಟರ್. ಆಫೀಸಿನವರಿಗೆ ಎರಡು ಶೇಡನ್ನೂ ಕೈಗೆ ಕೊಟ್ಟು ಕೇಳಿದೆ. ಅವರ ಸ್ಟೋರಿನಲ್ಲಿ ಬೇರೆ ಮಹಡಿಯಲ್ಲಿ ಕೆಲಸ ಮಾಡುವವರು 12 ಜನ ಇದ್ದರು, ಅವರಿಗೆ ನಾಲ್ಕನೇ ಥಾನು ಅಂತ ಒಪ್ಪಿದರು. ದರದಲ್ಲೂ ಸ್ವಲ್ಪ ಇಳಿಸಿಕೊಂಡೆ. ಕಟಿಂಗ್‌ನಲ್ಲಿ ಬೇರೆ ಬೇರೆ ಥಾನುಗಳನ್ನು ಒಂದರ ಮೇಲೊಂದು ಹಾಸಿದ್ದರೂ, ಪ್ರತಿ ತುಂಡಿನ ಹಿಂದೆ ಥಾನಿನ ನಂಬರಿನ ಚೀಟಿ ಅಂಟಿಸಿದೆವು. ಒಂದು ಕುರ್ತಾದ ತೋಳು, ಕಾಲರ್, ಮೈ ಎಲ್ಲ ಒಂದೇ ನಂಬರಿನ ಚೀಟಿಯವು ಆಗಿರಬೇಕು, ಥಾನುಗಳು ಒಂದೇ ಲಾಟಿನವಾದರೂ ಬೆರೆಸಬಾರದು.

ಸಹಿ ತುಂಡನ್ನು ಕಾಗದದಲ್ಲಿ ಸುತ್ತಿ ಕತ್ತಲೆ ಡ್ರಾಯರಿನಲ್ಲಿ ಇಟ್ಟಿದ್ದೇನೆ, ಉಳಿದ ಒಂಬತ್ತು ಮೀಟರ್ ಚೂರು ರಿಪೇರಿಗೆ. ಆಫೀಸಿನವರು ಮತ್ತೆ ಆರ್ಡರ್ ಕೊಟ್ಟರೆ ತೋರಿಸುವುದು ಆ ಸಹಿ ತುಂಡನ್ನೇ, ಅವರು ಹಾಕಿ ಒಗೆದ ಕುರ್ತಾವನ್ನಲ್ಲ.