ಮುಂದಿನ ಮುಟ್ಟಿನ ತಾರೀಕು ನಾನು ಲೆಕ್ಕ ಹಾಕುವ ರೀತಿ

ತುಂಬಾ ವರ್ಷ ನಾನು "ಹೋದ ತಿಂಗಳು 4ಕ್ಕೆ ಆಗಿತ್ತು, ಈ ತಿಂಗಳೂ 4ರ ಆಸುಪಾಸು" ಅಂತಲೇ ನೆನಪಿಟ್ಟುಕೊಳ್ಳುತ್ತಿದ್ದೆ. ಅದು ಯಾವತ್ತೂ ಸರಿಯಾಗಿ ಕೂರಲಿಲ್ಲ. ಕೊನೆಗೆ 2025ರ ಜನವರಿಯಿಂದ ಪ್ರತಿ ಸಲ ಶುರುವಾದ ದಿನವನ್ನು ಮಾತ್ರ ಬರೆದಿಡುತ್ತಾ ಹೋದೆ. ಆರು ತಿಂಗಳಲ್ಲಿ ಏಳು ತಾರೀಕು ಸಿಕ್ಕವು: ಜನವರಿ 4, ಫೆಬ್ರವರಿ 1, ಮಾರ್ಚ್ 3, ಮಾರ್ಚ್ 30, ಏಪ್ರಿಲ್ 30, ಮೇ 28, ಜೂನ್ 27. ಮಾರ್ಚ್‌ನಲ್ಲಿ ಎರಡು ಸಲ ಬಂದಿದೆ ನೋಡಿ. ತಾರೀಕು ಹಿಡಿದು ಹೋದರೆ ಇದು ಏನೋ ಏರುಪೇರು ಅನ್ನಿಸುತ್ತದೆ. ದಿನ ಎಣಿಸಿದರೆ ಅದು 27 ದಿನ ಅಷ್ಟೇ, ಗಾಬರಿಯಾಗುವಂಥದ್ದು ಏನೂ ಇಲ್ಲ.

ಎಣಿಸುವುದು ಶುರುವಾದ ದಿನದಿಂದ ಮುಂದಿನ ಸಲ ಶುರುವಾದ ದಿನಕ್ಕೆ. ನಿಂತ ದಿನದಿಂದ ಅಲ್ಲ. ಮೊದಮೊದಲು ನಾನೂ ನಿಂತ ದಿನದಿಂದ ಎಣಿಸಿ, ನನ್ನ ಸೈಕಲ್ 24 ದಿನದ್ದು ಅಂದುಕೊಂಡಿದ್ದೆ. ಶುರು ಯಾವುದು ಅನ್ನೋದಕ್ಕೂ ಒಂದು ನಿಯಮ ಬೇಕು. ನನಗೆ ಕೆಲವು ಸಲ ಒಂದು ದಿನ ಮುಂಚೆ ಸುಮ್ನೆ ಒಂದು ಕಲೆ ಕಾಣಿಸುತ್ತದೆ, ಆಮೇಲೆ ಮಾರನೇ ದಿನದವರೆಗೆ ಏನೂ ಇರಲ್ಲ. ಅದನ್ನು ನಾನು ಲೆಕ್ಕಕ್ಕೆ ತಗೊಳ್ಳುವುದಿಲ್ಲ, ಪ್ಯಾಡ್ ಹಾಕಲೇಬೇಕು ಅನ್ನುವಷ್ಟು ಹರಿವು ಇದ್ದ ದಿನವೇ ಮೊದಲ ದಿನ. ಒಂದು ತಿಂಗಳು ಕಲೆ ಕಂಡ ದಿನ, ಇನ್ನೊಂದು ತಿಂಗಳು ಹರಿವು ಶುರುವಾದ ದಿನ ಅಂತ ಬೆರೆಸಿ ಬರೆದರೆ, ಮೈಯಲ್ಲಿ ಇಲ್ಲದ ಏರುಪೇರು ಪುಸ್ತಕದಲ್ಲಿ ಬಂದು ಕೂರುತ್ತದೆ.

ನನ್ನ ಏಳು ತಾರೀಕುಗಳ ನಡುವೆ ಆರು ಅಂತರ: 28, 30, 27, 31, 28, 30. ಒಟ್ಟು 174. ಆರರಿಂದ ಭಾಗಿಸಿದರೆ 29. ಇಲ್ಲಿ ನನಗೆ ತಡವಾಗಿ ಹೊಳೆದ ಒಂದು ವಿಷಯ ಇದೆ. ಸರಾಸರಿಗೆ ಮಧ್ಯದ ತಾರೀಕುಗಳು ಬೇಕೇ ಆಗಿಲ್ಲ! ಜನವರಿ 4ರಿಂದ ಜೂನ್ 27ರವರೆಗೆ 174 ದಿನ, ಅದರಲ್ಲಿ ಆರು ಸೈಕಲ್, ಅಷ್ಟೇ. ಮಧ್ಯದವು ಬೇಕಾಗುವುದು ಅಂತರ ಎಷ್ಟು ಹಿಂದೆಮುಂದೆ ಆಡುತ್ತದೆ ಅಂತ ತಿಳಿಯೋಕೆ. ನನ್ನದು ಕಮ್ಮಿ ಅಂದರೆ 27, ಜಾಸ್ತಿ ಅಂದರೆ 31.

ಮುಂದಿನದು ಸುಲಭ. ಜೂನ್ 27ಕ್ಕೆ 29 ಕೂಡಿಸಿದರೆ ಜುಲೈ 26. ಅದಕ್ಕೆ 29 ಕೂಡಿಸಿದರೆ ಆಗಸ್ಟ್ 24, ಮತ್ತೆ 29 ಕೂಡಿಸಿದರೆ ಸೆಪ್ಟೆಂಬರ್ 22. ಸ್ಪ್ರೆಡ್‌ಶೀಟ್‌ನಲ್ಲಿ A1ರಿಂದ A7ರವರೆಗೆ ಏಳು ತಾರೀಕು ಹಾಕಿಕೊಂಡರೆ ಇಷ್ಟು ಸಾಕು:

```
=A7+ROUND(1*(A7-A1)/6,0)
=A7+ROUND(2*(A7-A1)/6,0)
=A7+ROUND(3*(A7-A1)/6,0)
```

ಉತ್ತರ ತಾರೀಕಿನ ಬದಲು 45,000ದ ಆಸುಪಾಸಿನ ಒಂದು ಸಂಖ್ಯೆಯಾಗಿ ಕಾಣಿಸಿದರೆ ತಪ್ಪೇನೂ ಆಗಿಲ್ಲ, ಆ ಸೆಲ್‌ಗೆ ತಾರೀಕಿನ ಫಾರ್ಮ್ಯಾಟ್ ಕೊಡಿ.

ನನ್ನ ತಂಗಿ ಇದನ್ನೇ ಗೋಡೆ ಕ್ಯಾಲೆಂಡರ್ ಮೇಲೆ ಬೆರಳಿಟ್ಟು ಎಣಿಸಿದಳು. "ಅಕ್ಕಾ, ನಿಂಗೆ 26, ನಂಗೆ 25 ಬರ್ತಿದೆ" ಅಂದಳು. ಅವಳು ಜೂನ್ 27ನ್ನೇ "ಒಂದು" ಅಂತ ಹಿಡಿದಿದ್ದಳು. ಕೂಡಿಸುವಾಗ 28ನೇ ತಾರೀಕು "ಒಂದು" ಆಗಬೇಕು. ಗೊಂದಲ ಆಗೋದು ಯಾಕೆಂದರೆ ಡಾಕ್ಟರು ಶುರುವಾದ ದಿನವನ್ನೇ ಮೊದಲ ದಿನ ಅನ್ನುತ್ತಾರೆ. ಆ ಲೆಕ್ಕದಲ್ಲಿ 29 ದಿನದ ಸೈಕಲ್‌ನಲ್ಲಿ ಮುಂದಿನ ಮುಟ್ಟು 30ನೇ ದಿನಕ್ಕೆ ಬರುತ್ತದೆ. ಸರಿಯಾಗಿದೆಯಾ ಅಂತ ನೋಡೋಕೆ ನಾನು ವಾರ ನೋಡುತ್ತೇನೆ. 28 ದಿನ ಕೂಡಿಸಿದರೆ ಅದೇ ವಾರ ಬರಬೇಕು, 29 ಕೂಡಿಸಿದರೆ ಅದರ ಮಾರನೇ ದಿನದ ವಾರ. ಜೂನ್ 27 ಶುಕ್ರವಾರ, ಹಾಗಾಗಿ ಉತ್ತರ ಶನಿವಾರ ಬರಬೇಕು. ಜುಲೈ 26 ಶನಿವಾರವೇ.

ಈಗ ನಿಜವಾಗಿ ಮುಖ್ಯವಾದ ಮಾತು. ನಾನು ಜುಲೈ 26 ಅಂತ ಒಂದೇ ದಿನಕ್ಕೆ ಗುರುತು ಹಾಕುವುದನ್ನು ಬಿಟ್ಟೆ. ನನ್ನ 27 ಮತ್ತು 31 ಎರಡನ್ನೂ ಕೂಡಿಸಿ ಜುಲೈ 24ರಿಂದ 28 ಅಂತ ಐದು ದಿನಕ್ಕೆ ಪೆನ್ಸಿಲ್ ಗೆರೆ ಎಳೆಯುತ್ತೇನೆ. ಆಗಸ್ಟ್‌ಗೆ ಬಂದಾಗ ಅದು 20ರಿಂದ 28, ಅಂದರೆ ಒಂಬತ್ತು ದಿನ. ಸೆಪ್ಟೆಂಬರ್‌ಗೆ 16ರಿಂದ 28, ಹದಿಮೂರು ದಿನ. ಮೂರು ಸಲವೂ ಗಿಡ್ಡ ಸೈಕಲ್ಲೇ ಬರುವುದು ಅಪರೂಪ, ಗಿಡ್ಡ, ಉದ್ದ ಎರಡೂ ಬೆರೆತು ಬರುತ್ತವೆ, ಹಾಗಾಗಿ ಸಾಮಾನ್ಯವಾಗಿ ಗೆರೆಯ ನಡುವಲ್ಲೇ ಬೀಳುತ್ತದೆ. ಆದರೂ ಮೂರು ತಿಂಗಳ ಮುಂದಿನ ಪ್ರಯಾಣಕ್ಕೆ ಒಂದೇ ತಾರೀಕು ನಂಬಿ ಟಿಕೆಟ್ ತೆಗೆಯಬಾರದು ಅಂತ ಈ ಗೆರೆಯ ಉದ್ದವೇ ಹೇಳುತ್ತದೆ, ಅಲ್ವಾ?

ಜುಲೈನಲ್ಲಿ ನಿಜಕ್ಕೂ ಬಂದದ್ದು 28ಕ್ಕೆ. ಆಗ ಆಗಸ್ಟ್ 24 ಅನ್ನೋದನ್ನು ಹಾಗೇ ಬಿಟ್ಟರೆ ತಪ್ಪು. ಎರಡು ದಿನ ತಡವಾಗಿದ್ದನ್ನು ಮೈ ಮುಂದಿನ ತಿಂಗಳು "ಸರಿದೂಗಿಸುವುದಿಲ್ಲ". ಹೊಸ ಶುರು 28, ಅಲ್ಲಿಂದ 29 ದಿನ, ಆಗಸ್ಟ್ 26. ಪ್ರತಿ ಸಲ ಶುರುವಾದ ದಿನವೇ ಹಳೆಯ ಗೆರೆ ಅಳಿಸಿ ಹೊಸದು ಎಳೆಯುತ್ತೇನೆ.

ತಂಗಿಯದು ಬೇರೆ ಕತೆ. ಅವಳ ಅಂತರಗಳು 28, 30, 41, 31, 28, 30. ಆ 41ರ ತಿಂಗಳು ಮುಟ್ಟು ನಿಂತ ಹೊಸತರಲ್ಲೇ ಅವಳಿಗೆ ಜೋರು ಜ್ವರ ಬಂದಿತ್ತು. ಅಂಡ ಬಿಡುಗಡೆಯಾದ ಮೇಲೆ ಮುಟ್ಟು ಬರೋಕೆ ಸುಮಾರು ಎರಡು ವಾರ ಬೇಕು, ಆ ಭಾಗ ಅಷ್ಟಾಗಿ ಬದಲಾಗುವುದಿಲ್ಲ. ಹಿಗ್ಗೋದು ಕುಗ್ಗೋದು ಜಾಸ್ತಿ ಅದಕ್ಕಿಂತ ಮುಂಚಿನ ಭಾಗ. ಜ್ವರ, ತೂಕ ಇಳಿಯೋದು, ತುಂಬಾ ಒತ್ತಡ ಇವು ಅಂಡ ಬಿಡುಗಡೆಯನ್ನೇ ಮುಂದೂಡಬಹುದು, ಆಗ ಇಡೀ ಸೈಕಲ್ ಉದ್ದ ಆಗುತ್ತದೆ. ಅವಳ ಸರಾಸರಿ 31ರ ಮೇಲೆ ಹೋಯಿತು, ಆ ಒಂದು ತಿಂಗಳಿಂದಾಗಿ ಮುಂದಿನ ಎಲ್ಲ ಲೆಕ್ಕವೂ ತಡ ತೋರಿಸತೊಡಗಿತು. ಅಂತರಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ತಗೊಂಡೆವು: 28, 28, 30, 30, 31, 41. ನಡುವೆ 30. ಅದನ್ನೇ ಈಗ ಬಳಸುತ್ತಾಳೆ. ಅಂತರ 58, 60 ಹೀಗೆ ಮಾಮೂಲಿಯ ಎರಡರಷ್ಟು ಕಂಡರೆ ಮಾತ್ರ ಮೊದಲು ನೋಡಬೇಕಾದದ್ದು, ನಡುವೆ ಒಂದು ತಿಂಗಳು ಬರೆಯೋದು ಮರೆತಿದ್ದೇವಾ ಅಂತ.

ಈ ಲೆಕ್ಕ ಎಲ್ಲರಿಗೂ ಕೆಲಸ ಮಾಡಲ್ಲ. ಮುಟ್ಟು ಶುರುವಾದ ಮೊದಲ ಕೆಲವು ವರ್ಷ, ಎದೆಹಾಲು ಕೊಡುವಾಗ, ಮುಟ್ಟು ನಿಲ್ಲುವ ವಯಸ್ಸು ಹತ್ತಿರವಾದಾಗ ಅಂತರಗಳೇ ಒಂದರಂತೆ ಒಂದು ಇರಲ್ಲ. ಗರ್ಭನಿರೋಧಕ ಮಾತ್ರೆ ತಗೊಳ್ಳುವವರಿಗೆ ರಕ್ತ ಬರೋದು ಮಾತ್ರೆಯ ಪಟ್ಟಿ ಪ್ರಕಾರ, ಸರಾಸರಿಯ ಪ್ರಕಾರ ಅಲ್ಲ. ಇನ್ನು ಇದೇ ಲೆಕ್ಕದಿಂದ "ಸುರಕ್ಷಿತ ದಿನ" ಹುಡುಕಿ ಗರ್ಭ ತಡೆಯೋಕೆ ಹೋಗಬೇಡಿ. ತಂಗಿಯ 41 ದಿನದ ಸೈಕಲ್‌ನಲ್ಲಿ ಅಂಡ ಬಿಡುಗಡೆಯಾಗಿದ್ದು ಸುಮಾರು 27ನೇ ದಿನ ಇರಬೇಕು, ಯಾವ ಸರಾಸರಿಯೂ ಅದನ್ನು ಮುಂಚೆ ಹೇಳುತ್ತಿರಲಿಲ್ಲ. ಗೆರೆ ದಾಟಿ ಒಂದು ವಾರವಾದರೂ ಬರದಿದ್ದರೆ, ಗರ್ಭ ನಿಲ್ಲುವ ಸಾಧ್ಯತೆ ಇದ್ದವರು ಟೆಸ್ಟ್ ಮಾಡಿಕೊಳ್ಳಬೇಕು. ಅಂತರ ಪದೇಪದೇ 21ಕ್ಕಿಂತ ಕಮ್ಮಿ ಅಥವಾ 35ಕ್ಕಿಂತ ಜಾಸ್ತಿ ಬರುತ್ತಿದ್ದರೆ, ಇಲ್ಲಾ ಮೂರು ತಿಂಗಳು ಬರದೇ ಇದ್ದರೆ ಡಾಕ್ಟರ ಹತ್ತಿರ ಹೋಗಿ. ಹೋಗುವಾಗ ತಾರೀಕುಗಳ ಈ ಪಟ್ಟಿ ಜೊತೆಗಿರಲಿ, "ಕೊನೆಯ ಸಲ ಯಾವಾಗ ಆಯ್ತು" ಅನ್ನೋದೇ ಅವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು.