ಅಟ್ಟ ಹತ್ತಿ ಇಳಿದ ತೂಕದ ಯಂತ್ರ

ಸ್ಕೂಟರ್‌ನಿಂದ ಬಿದ್ದು ಊದಿಕೊಂಡ ಮೊಣಕಾಲನ್ನು ತೋರಿಸಲು ಹೋದರೆ ಆ ವೈದ್ಯರು ಕಾಲನ್ನು ಮುಟ್ಟಲೇ ಇಲ್ಲ. ‘ಮೊದಲು ತೂಕ ಇಳಿಸಿ’ ಎಂದರು. ಮೂರು ವಾರ ಕುಂಟಿದ ಮೇಲೆ ಇನ್ನೊಬ್ಬರು ಮಂಡಿಯನ್ನು ಬಾಗಿಸಿ, ತಿರುಗಿಸಿ ನೋಡಿ, ಒಳಗಿನ ಮೃದ್ವಸ್ಥಿ ಹರಿದಿದೆ ಎಂದು ಕಂಡುಹಿಡಿದರು. ನಾನು ಪಥ್ಯಾಹಾರ ತಜ್ಞೆ. ನನ್ನೆದುರು ಕುಳಿತ ಎಷ್ಟೋ ಜನರಿಗೆ ನಾನೂ ಅದೇ ಮಾತು ಹೇಳಿ ಕಳಿಸಿದ್ದೇನೆ.

ಆಗ ನನ್ನ ತೂಕ 78 ಕಿಲೋ, ಎತ್ತರ 156 ಸೆಂಟಿಮೀಟರ್. ಮೂರು ಬಾರಿ ಎಂಟೊಂಬತ್ತು ಕಿಲೋ ಇಳಿಸಿ, ಮೂರು ಬಾರಿಯೂ ಮರಳಿ ಏರಿದ್ದೆ. ಹಾಗಾಗಿ ‘ಹೆಲ್ತ್ ಅಟ್ ಎವ್ರಿ ಸೈಜ್’ ಎಂಬ ವಾದ ಮನಸ್ಸಿಗೆ ಹಿಡಿಸಿತು. ತೂಕವನ್ನು ಗುರಿಯಾಗಿಸಬೇಡಿ, ಊಟ, ಓಡಾಟ, ನಿದ್ದೆಗಳನ್ನು ನೋಡಿಕೊಳ್ಳಿ ಎನ್ನುವುದು ಅದರ ತಿರುಳು. ಇದಕ್ಕೆ ನಮ್ಮ ಪಕ್ಕದಲ್ಲೇ ಆಧಾರವಿದೆ. ಚೆನ್ನೈಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಮಧುಮೇಹ ತಡೆ ಅಧ್ಯಯನದಲ್ಲಿ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರು ಊಟ ಮತ್ತು ನಡಿಗೆಯನ್ನು ಬದಲಿಸಿಕೊಂಡಾಗ ಅಪಾಯ ಶೇ. 28.5ರಷ್ಟು ತಗ್ಗಿತು. ಅವರ ತೂಕ ಮಾತ್ರ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ.

ಯಂತ್ರವನ್ನು ಅಟ್ಟಕ್ಕೆ ಹಾಕಿದೆ. ಆದರೆ ಅದಕ್ಕೆ ಮೊದಲು ರಕ್ತಪರೀಕ್ಷೆ ಮಾಡಿಸಿ, ಆರು ತಿಂಗಳ ಬಳಿಕ ಇವೇ ಅಂಕಿಗಳು ತೀರ್ಪು ಕೊಡಲಿ ಎಂದು ಬರೆದಿಟ್ಟೆ. ಈ ವಾದವನ್ನು ಒಪ್ಪಿದವರಲ್ಲಿ ಹಲವರು ತೂಕದ ಜೊತೆಗೆ ಪರೀಕ್ಷೆಯನ್ನೂ ಬಿಟ್ಟುಬಿಡುತ್ತಾರೆ. ಅಲ್ಲೇ ಎಡವುವುದು. ಮಂಡಿ ಸುಧಾರಿಸಿದ ಮೇಲೆ ರಾತ್ರಿ ಊಟವಾದೊಡನೆ ಅರ್ಧ ಗಂಟೆ ನಡೆಯತೊಡಗಿದೆ. ಎರಡು ಮುದ್ದೆಯ ಬದಲು ಒಂದು, ತೆಳು ಸಾರಿನ ಬದಲು ಗಟ್ಟಿ ಹುರುಳಿ ಸಾರು, ಪಲ್ಯ ಎರಡು ಪಟ್ಟು. ಹಸಿದಿರಲಿಲ್ಲವಾದ್ದರಿಂದ ರಾತ್ರಿ ಹನ್ನೊಂದಕ್ಕೆ ಡಬ್ಬಿ ತಡಕುವುದು ತಾನಾಗಿ ನಿಂತಿತು.

ಆರು ತಿಂಗಳಿಗೆ ಮೂರು ತಿಂಗಳ ಸರಾಸರಿ ಸಕ್ಕರೆ 6.1ರಿಂದ 5.8ಕ್ಕೆ, ರಕ್ತದೊತ್ತಡ 138/88ರಿಂದ 128/82ಕ್ಕೆ ಇಳಿದಿತ್ತು. ತೂಕ 77. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದಾಗ ರಕ್ತದಲ್ಲಿ ಏರುವ ಎಸ್‌ಜಿಪಿಟಿ ಎಂಬ ಕಿಣ್ವ 68ರಿಂದ ಕದಲಿರಲಿಲ್ಲ. ಸ್ಕ್ಯಾನಿನಲ್ಲಿಯೂ ಕೊಬ್ಬು ಹಾಗೇ ಇತ್ತು. ಯಕೃತ್ತಿನ ಕೊಬ್ಬಿನ ವಿಷಯದಲ್ಲಿ ವೈದ್ಯರ ಹಳೆಯ ಮಾತಿಗೇ ಬಲ ಹೆಚ್ಚು. ಅಲ್ಲಿ ಉರಿಯೂತವೂ ಇದ್ದರೆ ದೇಹತೂಕದ ಶೇ. 7ರಿಂದ 10ರಷ್ಟು ಇಳಿಸಿದಾಗ ಅದು ಚೆನ್ನಾಗಿ ತಗ್ಗುತ್ತದೆ. ನಿದ್ದೆಯಲ್ಲಿ ಉಸಿರು ಕಟ್ಟುವವರಿಗೂ ತೂಕ ಇಳಿದರೆ ಗುಣ ಕಾಣುತ್ತದೆ. ಸಿಟ್ಟು ಬಂತು, ನಿಜ. ಆದರೆ ಯಂತ್ರ ಅಟ್ಟದಿಂದ ಇಳಿಯಿತು.

ಈ ಸಲ ಗುರಿ 60 ಕಿಲೋ ಅಲ್ಲ, ಐದೂವರೆ ಕಿಲೋ ಕಡಿಮೆ, ಅಷ್ಟೇ. ಭಾನುವಾರ ಬೆಳಿಗ್ಗೆ ಒಮ್ಮೆ ಮಾತ್ರ ತೂಗುತ್ತಿದ್ದೆ. ಸಂಜೆಯ ಕುರುಕಲು ತಿಂಡಿಯನ್ನೂ ಎರಡನೆಯ ಕಾಫಿಯ ಸಕ್ಕರೆಯನ್ನೂ ಬಿಟ್ಟೆ. ಮುದ್ದೆಯನ್ನು ಮಾತ್ರ ಹಾಗೇ ಉಳಿಸಿಕೊಂಡೆ. ಒಂಬತ್ತು ತಿಂಗಳಿಗೆ 71.5 ಕಿಲೋ, ಎಸ್‌ಜಿಪಿಟಿ 39. ಆಮೇಲೆ ತಂಗಿಯ ಮನೆಯ ಮದುವೆ, ಮಳೆಗಾಲ ಎಲ್ಲ ಸೇರಿ ಎರಡು ಕಿಲೋ ಮರಳಿ ಬಂದಿದೆ. ಎಸ್‌ಜಿಪಿಟಿ 42. ಮುಂದಿನ ಪರೀಕ್ಷೆ ಸಂಕ್ರಾಂತಿ ಕಳೆದ ಮೇಲೆ.