ರಿವ್ಯೂಗೆ ಮುಂಚೆ ಮ್ಯಾನೇಜರ್‌ಗೆ ಮೇಲ್: ವರ್ಷದ ಕೆಲಸವನ್ನು ಲೆಕ್ಕದಲ್ಲಿ ಬರೆಯುವುದು ಹೇಗೆ?

ಮಾರ್ಚ್ ಲೆಕ್ಕ ಮುಗಿಯುತ್ತಿದ್ದಂತೆ ನರಸಾಪುರ, ವೇಮಗಲ್, ಮಾಲೂರಿನ ಅನೇಕ ಕಾರ್ಖಾನೆಗಳಲ್ಲಿ ವಾರ್ಷಿಕ ರಿವ್ಯೂ ಶುರುವಾಗುತ್ತದೆ. ದೊಡ್ಡ ಕಂಪನಿಗಳಲ್ಲಿ ಸಾಮಾನ್ಯವಾಗಿ ನಿಮ್ಮ ಮ್ಯಾನೇಜರ್ ಹಾಕಿದ ರೇಟಿಂಗೇ ಕೊನೆಯದಲ್ಲ. ಬೇರೆ ವಿಭಾಗದವರ ಜೊತೆ ಕೂತು ಎಲ್ಲರ ರೇಟಿಂಗ್ ಹೊಂದಿಸುವ ಮೀಟಿಂಗ್ ಇರುತ್ತದೆ. ಅಲ್ಲಿ ನೀವಿರುವುದಿಲ್ಲ. "ಹುಡುಗ ಚೆನ್ನಾಗಿ ಕೆಲಸ ಮಾಡ್ತಾನೆ" ಎಂಬ ಮಾತು ಅಲ್ಲಿ ನಿಲ್ಲುವುದಿಲ್ಲ. ಯಾರು ಪ್ರಶ್ನೆ ಕೇಳಿದರೂ ಅಲುಗಾಡದ ಒಂದೆರಡು ಅಂಕಿಗಳನ್ನು ನಿಮ್ಮ ಮ್ಯಾನೇಜರ್ ಕೈಗೆ ಕೊಡುವುದೇ ಈ ಮೇಲ್‌ನ ಕೆಲಸ.

ಬ್ರಾಕೆಟ್‌ಗೆ ತೂತು ಕೊರೆಯುವ ಲೈನಿನ ಕ್ವಾಲಿಟಿ ಸೂಪರ್‌ವೈಸರ್ ಒಬ್ಬರ ಲೆಕ್ಕವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ತಿಂಗಳಿಗೆ 40,000 ಬ್ರಾಕೆಟ್. ಫಿಕ್ಸ್ಚರ್‌ನ ಪಿನ್ ಸವೆದು ತೂತು ಪಕ್ಕಕ್ಕೆ ಸರಿಯುತ್ತಿತ್ತು. ಆಗಸ್ಟ್‌ನಿಂದ ಪಿನ್ ಕೆಡುವ ತನಕ ಕಾಯದೆ, ಇಷ್ಟು ಪೀಸಿಗೊಮ್ಮೆ ಎಂದು ಎಣಿಸಿ ಬದಲಿಸತೊಡಗಿದರು.

ಮೊದಲು ರಿಜೆಕ್ಷನ್ ರಿಜಿಸ್ಟರ್ ತೆರೆದು ತಿಂಗಳುವಾರು ಬರೆದುಕೊಳ್ಳಿ. ಏಪ್ರಿಲ್‌ನಿಂದ ಜುಲೈವರೆಗೆ ಸರಾಸರಿ 2.4%, ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೆ 1.5%. ಆಗಸ್ಟ್ ಅರ್ಧ ಹಳೆಯದು, ಅರ್ಧ ಹೊಸದು; ಅದನ್ನು ಯಾವ ಕಡೆಗೂ ಸೇರಿಸಬೇಡಿ. ಅತಿ ಕೆಟ್ಟ ತಿಂಗಳೊಂದನ್ನು ಆರಿಸಿ ಅತಿ ಒಳ್ಳೆಯ ತಿಂಗಳಿಗೆ ಹೋಲಿಸುವವರಿದ್ದಾರೆ. ರಿಜಿಸ್ಟರ್ ಪ್ರೊಡಕ್ಷನ್‌ನವರ ಹತ್ತಿರವೂ ಇರುತ್ತದೆ, ಅದು ಅಲ್ಲೇ ಸಿಕ್ಕಿಬೀಳುತ್ತದೆ.

ಹೆಚ್ಚಿನವರು ಎಡವುವುದು ಶೇಕಡಾವಾರಿನಲ್ಲಿ. 2.4ರಿಂದ 1.5ಕ್ಕೆ ಇಳಿದದ್ದನ್ನು "0.9% ಕಡಿಮೆ" ಎಂದರೆ ಏನೂ ಆಗಿಲ್ಲವೆಂದು ಕಾಣುತ್ತದೆ. "37.5% ಕಡಿಮೆ" ಎಂದರೆ ಲೆಕ್ಕ ಸರಿಯೇ, ಆದರೆ ಎಷ್ಟರಲ್ಲಿ ಎಂಬ ಪ್ರಶ್ನೆ ಬರುತ್ತದೆ. "2.4%ರಿಂದ 1.5%ಕ್ಕೆ" ಎಂದು ಎರಡೂ ತುದಿ ಬರೆದರೆ ಗೊಂದಲವೇ ಇಲ್ಲ.

ಆಮೇಲೆ ರೂಪಾಯಿ. 40,000ದಲ್ಲಿ 0.9% ಎಂದರೆ ತಿಂಗಳಿಗೆ 360 ಪೀಸ್, ಏಳು ತಿಂಗಳಿಗೆ 2,520. ಇದನ್ನು ಮಾರಾಟದ ಬೆಲೆಯಿಂದ ಗುಣಿಸಬಾರದು. ಆ ಹಂತದವರೆಗೆ ಪೀಸಿಗೆ ಬಿದ್ದ ಖರ್ಚನ್ನು ಅಕೌಂಟ್ಸ್‌ನವರಿಂದ ಕೇಳಿ ಪಡೆಯಿರಿ. 85 ರೂಪಾಯಿ ಎಂದುಕೊಳ್ಳಿ. ಗುಜರಿಗೆ ಹಾಕಿದರೂ 10 ರೂಪಾಯಿ ಬರುತ್ತಿತ್ತು, ಹಾಗಾಗಿ ನಿಜವಾಗಿ ಉಳಿದದ್ದು 75. ಒಟ್ಟು 1,89,000 ರೂಪಾಯಿ. ಏಳು ತಿಂಗಳ ಉಳಿತಾಯವನ್ನು ಹನ್ನೆರಡಕ್ಕೆ ಹಿಗ್ಗಿಸಿ ಬರೆಯಬೇಡಿ. ಅಕೌಂಟ್ಸ್‌ನವರು ಒಂದು ಅಂಕಿಯನ್ನು ತಳ್ಳಿಹಾಕಿದರೆ ಉಳಿದವನ್ನೂ ಯಾರೂ ನಂಬುವುದಿಲ್ಲ.

ಇನ್ನು ಮೇಲ್. ರಿವ್ಯೂಗೆ ಒಂದು ವಾರ ಮುಂಚೆ, ನಿಮ್ಮ ವಿಭಾಗದ ವರದಿಗಳು ಯಾವ ಭಾಷೆಯಲ್ಲಿ ಹೋಗುತ್ತವೋ ಅದರಲ್ಲೇ ಕಳಿಸಿ. ಕನ್ನಡದಲ್ಲಾದರೆ ಹೀಗೆ:

> ವಿಷಯ: 2024-25 ಸ್ವಯಂ ಮೌಲ್ಯಮಾಪನ, ಲೈನ್ 2 ಕ್ವಾಲಿಟಿ
>
> ಸರ್, ನಮಸ್ಕಾರ. ಮುಂದಿನ ವಾರದ ರಿವ್ಯೂಗೆ ನನ್ನ ಕೆಲಸದ ವಿವರ ಕೆಳಗಿದೆ.
>
> ಬ್ರಾಕೆಟ್ ರಿಜೆಕ್ಷನ್ 2.4%ರಿಂದ (ಏಪ್ರಿಲ್–ಜುಲೈ) 1.5%ಕ್ಕೆ (ಸೆಪ್ಟೆಂಬರ್–ಮಾರ್ಚ್) ಇಳಿದಿದೆ. ಏಳು ತಿಂಗಳಲ್ಲಿ 2,520 ಪೀಸ್, ಗುಜರಿ ಬೆಲೆ ಕಳೆದು 1,89,000 ರೂ. ಉಳಿದಿದೆ. ರಿಜೆಕ್ಟ್ ಪೀಸುಗಳನ್ನು ಕಾರಣವಾರು ಬೇರ್ಪಡಿಸಿ ಪಿನ್ ಸವೆತ ಪತ್ತೆ ಮಾಡಿದ್ದು ನಾನು. ಪಿನ್ ಬದಲಿಸುವ ಅವಧಿ ನಿಗದಿ ಮಾಡಿದ್ದು ಟೂಲ್ ರೂಮ್.
>
> ಆರು ಆಪರೇಟರ್‌ಗಳಿಗೆ ಗೇಜ್ ತರಬೇತಿ ಎಂದು ಒಪ್ಪಿದ್ದೆ, ನಾಲ್ವರಿಗೆ ಆಗಿದೆ. ರಾತ್ರಿ ಪಾಳಿಯ ಇಬ್ಬರನ್ನು ಲೈನಿನಿಂದ ಬಿಡಿಸಲು ಆಗಲಿಲ್ಲ. ಮೇ ಕೊನೆಯೊಳಗೆ ಮುಗಿಸುತ್ತೇನೆ.
>
> ಮುಂದಿನ ವರ್ಷ: ಉಳಿದ 1.5%ರಲ್ಲಿ 0.6% ತೂತಿನ ಅಂಚಿನ ಬರ್‌ನಿಂದ ಆಗುತ್ತಿದೆ. ಡ್ರಿಲ್ ಬಿಟ್ಟನ್ನೂ ಎಣಿಕೆಯ ಮೇಲೆ ಬದಲಿಸಿ ಅದನ್ನು 0.2%ಕ್ಕೆ, ಒಟ್ಟು ರಿಜೆಕ್ಷನ್ನನ್ನು 1.1%ಕ್ಕೆ ಸೆಪ್ಟೆಂಬರ್ ಒಳಗೆ ತರುತ್ತೇನೆ. ಇದಕ್ಕೆ ಮೆಷಿನ್‌ಗೊಂದು ಕೌಂಟರ್ ಬೇಕು.

ಟೂಲ್ ರೂಮಿನ ಪಾಲು ಹೇಳಿದ್ದರಿಂದ ಸೂಪರ್‌ವೈಸರ್ ಪಾಲು ಕರಗಲಿಲ್ಲ. ಟೂಲ್ ರೂಮಿನವರನ್ನು ಕೇಳಿದರೂ ಅದೇ ಉತ್ತರ ಬರುತ್ತದೆ, ಮಾತು ಗಟ್ಟಿಯಾಗುತ್ತದೆ. ಆಗದೆ ಉಳಿದ ತರಬೇತಿಯನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಕಳೆದ ವರ್ಷದ ಗುರಿಗಳ ಹಾಳೆ ಮ್ಯಾನೇಜರ್ ಎದುರಿಗೇ ಇರುತ್ತದೆ.

ಗುರಿಯನ್ನು ನೋಡಿ. 1.1 ಎಂಬುದು ಉಳಿದ ದೋಷವನ್ನು ಬಿಡಿಸಿ ನೋಡಿ ಬಂದ ಸಂಖ್ಯೆ. "ಇನ್ನೂ ಅರ್ಧಕ್ಕೆ ಇಳಿಸುತ್ತೇನೆ" ಎಂದು ಅಂದಾಜಿನಲ್ಲಿ ಬರೆದುಕೊಟ್ಟರೆ ಮುಂದಿನ ಏಪ್ರಿಲ್‌ನಲ್ಲಿ ಅದೇ ಸಾಲು ನಿಮ್ಮ ಎದುರು ಬರುತ್ತದೆ. ಕೌಂಟರ್ ಬೇಕೆಂಬುದನ್ನೂ ಈಗಲೇ ಬರೆಯಬೇಕು. ಅದು ಬರದೆ ಗುರಿ ತಪ್ಪಿದರೆ ಆಗ ಹೇಳುವುದು ನೆಪವಾಗಿ ಕೇಳಿಸುತ್ತದೆ. ಇಂಥ ಗುರಿ ಎರಡು, ಹೆಚ್ಚೆಂದರೆ ಮೂರು ಸಾಕು.

ತಿಂಗಳುವಾರು ಅಂಕಿಗಳ ಒಂದು ಪುಟವನ್ನು ಮೇಲ್‌ಗೆ ಲಗತ್ತಿಸಿ, ಆಗಸ್ಟ್ ಸಾಲಿನ ಪಕ್ಕ "ಬದಲಾವಣೆ ಆದ ತಿಂಗಳು, ಸರಾಸರಿಗೆ ಸೇರಿಸಿಲ್ಲ" ಎಂದು ಬರೆಯಿರಿ. ಅದೇ ಪುಟದ ಪ್ರಿಂಟ್ ತೆಗೆದು ರಿವ್ಯೂ ದಿನ ಕೈಯಲ್ಲಿಟ್ಟುಕೊಂಡು ಹೋಗಿ.